ಎಡಗೈಯ ಬಳ್ಳಿ

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕೆಟ್ಟದ್ದು ಶುರುವಾದದ್ದು ಆಗ. ಅಂದಾಜಿನ ಮಾತಲ್ಲ, ನನ್ನ ಮೊಬೈಲಿನಲ್ಲಿ ಆ ವಿಡಿಯೊ ಕಾಲ್‌ನ ಸಮಯ ಇನ್ನೂ ಹಾಗೇ ಇದೆ. ಅಳಿಸಬೇಕು ಎಂದು ಎಷ್ಟೋ ಸಲ ತೆಗೆದು ನೋಡಿ, ಅಳಿಸದೆ ಮುಚ್ಚಿಟ್ಟಿದ್ದೇನೆ.

ಕರೆ ಬಂದದ್ದು ಐರ್ಲೆಂಡಿನಿಂದ. ನನ್ನ ನಾದಿನಿ ಅಲ್ಲಿ ವೃದ್ಧರ ಆರೈಕೆ ಮನೆಯಲ್ಲಿ ನರ್ಸು. ಅವಳ ಮಗಳಿಗೆ ಹದಿನಾಲ್ಕು ವರ್ಷ. ಅವಳ ಶಾಲೆಯಲ್ಲಿ ರಜೆಯ ಕೆಲಸ ಕೊಟ್ಟಿದ್ದರು: ಮನೆಯ ಹಿರಿಯರಿಂದ ಅವರ ಭಾಷೆಯ ಒಂದು ಹಾಡು ಕೇಳಿ ಬರೆದುಕೊಳ್ಳಬೇಕು, ಸಾಲು ಸಾಲಿಗೆ ಅರ್ಥ ಬರೆಯಬೇಕು, ಶಾಲೆ ತೆರೆದ ಮೇಲೆ ಎಲ್ಲರೆದುರು ಓದಬೇಕು. ಹಿರಿಯರು ಎಂದರೆ ನನ್ನ ಅತ್ತೆ. ಹುಡುಗಿಗೆ ಅವರು ಆಯಿ. ವಯಸ್ಸು ಎಪ್ಪತ್ತೆಂಟು, ತಲೆಯಲ್ಲಿ ನೂರಾರು ಬೀಸುವ ಪದಗಳು, ಎರಡೂ ಮೊಣಕಾಲಿನಲ್ಲಿ ನೋವು, ಹಠಕ್ಕೆ ಮಾತ್ರ ಯಾವ ನೋವೂ ಇಲ್ಲ.

ನಮ್ಮದು ಸದಲಗಾ ಕಡೆ ಹೊಳೆಯಿಂದ ಸ್ವಲ್ಪ ಈಚೆಗಿರುವ ತೋಟದ ಮನೆ. ಮುಂದೆ ಬೇವಿನ ಮರ, ಮರದ ಪಕ್ಕ ಎಮ್ಮೆಗಳಿಗೆ ಮೇವು ಹಾಕುವ ಗ್ವಾದಲಿ, ಆಚೆ ಸುತ್ತಲೂ ಕಬ್ಬು. ಪಂಚಮಿಯ ವಾರ. ಮನೆಯಲ್ಲಿ ಅಳ್ಳು, ತಂಬಿಟ್ಟು, ಎಳ್ಳುಂಡೆ ಮುಗಿದಿರಲಿಲ್ಲ. ನಾನು ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಪಕ್ಕದಲ್ಲಿ ಕೂತಿದ್ದೆ. ಹಾಡನ್ನು ಅತ್ತೆ ಹಿಂದಿನ ವಾರವೇ ಹೇಳಿಕೊಟ್ಟಿದ್ದರು.

ಜೋಕಾಲಿ ಏರೀದೆ ಮುಗಿಲೀಗಿ ಕಾಲಿಟ್ಟೆ
ಹೊಳಿಯಾಚಿ ನನ್ನ ತವರಾಗ, ಹಡೆದವ್ವ,
ಎಮ್ಮೀಯ ಬೆನ್ನ ಹೊಳದಾವ

ಹುಡುಗಿ ತಾನು ಬರೆದಿದ್ದ ಅರ್ಥವನ್ನು ಓದಿದಳು. "ಆಯಿ, ಇದು ಖುಷಿಯ ಪದ. ಒಬ್ಬ ಹುಡುಗಿ ಜೋಕಾಲಿ ಆಡಾಕತ್ತಾಳ. ಮುಗಿಲಿಗಿ ಕಾಲಿಟ್ಟೆ ಅನ್ನೂದು ಸ್ವಾತಂತ್ರ್ಯದ ಸಂಕೇತ. ಎಮ್ಮಿ ಬೆನ್ನು ಹೊಳಿಯೂದು ನಿಸರ್ಗದ ಸೌಂದರ್ಯ."

ಅತ್ತೆ ನನ್ನ ಕಡೆ ತಿರುಗಿ, "ಏನಂತ ಈಕಿ? ಎಮ್ಮಿ ಚಂದ ಅಂತನ?" ಎಂದರು.

"ಹಂಗ ಬರದಾಳ್ರಿ ಅತ್ತಿ."

"ಎಮ್ಮಿಗಿ ಯಾರರ ಚಂದ ಅಂತಾರೇನ? ಏ ಕೂಸ, ಅದು ಖುಷಿ ಪದಾ ಅಲ್ಲ. ಅಳೂ ಪದಾ ಅದು."

ಹುಡುಗಿ ಪೆನ್ನು ಕೆಳಗಿಟ್ಟಳು. "ಅದರಾಗ ಅಳು ಎಲ್ಲೈತಿ?"

"ಹೇಳ್ತೀನಿ ಕೇಳು. ಎಮ್ಮಿ ಮೈ ತಾನಾಗಿ ಹೊಳಿತೈತೇನ? ಕೆಸರಾಗ ಬಿದ್ದು ಎದ್ದು ಒಣಗಿದ್ರ ಬೂದಿ ಬಣ್ಣ ಆಗ್ತೈತಿ. ಹೊಳಿಯಾಕತ್ತೈತಿ ಅಂದ್ರ ಯಾರೋ ತೊಳದಾರ, ಎಣ್ಣಿ ತಿಕ್ಯಾರ. ಯಾರು ತೊಳಿಯಾವ್ರು?"

"ನಿನ್ನ ಅಪ್ಪ?"

"ನಮ್ಮ ಮನ್ಯಾಗ ಎಮ್ಮಿ ತೊಳಿಯೂದು ನಮ್ಮಣ್ಣನ ಕೆಲಸ. ಪಂಚಮಿಗಿ ಅಣ್ಣ ಬಂದು ತಂಗೀನ ತವರಿಗಿ ಕರಕೊಂಡು ಹೋಗಬೇಕು. ನಾ ಇಲ್ಲಿ ಹೊಸಾ ಸೊಸಿ, ದಾರಿ ಕಾಯಾಕತ್ತೀನಿ. ಜೋಕಾಲಿ ಏರಿ ನೋಡಿದ್ರ ಅಲ್ಲಿ ಎಮ್ಮಿ ಬೆನ್ನು ಮಿಣಮಿಣ ಅಂತಾವ. ಅಂದ್ರ ಅಣ್ಣ ದಾರ್ಯಾಗಿಲ್ಲ. ಮನ್ಯಾಗ ಎಮ್ಮಿ ತಿಕ್ಕೋತ ಕುಂತಾನ. ಬರೂದಿಲ್ಲ ಅವ."

ಹುಡುಗಿ ಪೆನ್ನು ಮತ್ತೆ ಕೈಗೆತ್ತಿಕೊಂಡಳು. ಈ ಹಾಡನ್ನು ಇಪ್ಪತ್ತೆರಡು ವರ್ಷ ಕೇಳಿದ್ದೇನೆ. ನಾನೂ ಅದನ್ನು ಎಮ್ಮೆಯ ಹಾಡು ಎಂದೇ ತಿಳಿದಿದ್ದೆ.

"ಹಂಗಾರ ನಮ್ಮಣ್ಣ ಬರಲಿಲ್ಲ ಅಂತ ನೆಟ್ಟಗ ಯಾಕ ಹಾಡಲಿಲ್ಲ ಆಯಿ?"

"ನಸುಕಿನ್ಯಾಗ ಬೀಸೂ ಹೊತ್ತಿಗಿ ಅತ್ತಿ ಅಲ್ಲೇ ಹಾಸಿಗ್ಯಾಗ ಎಚ್ಚರ ಇರತಾಳ. ಕಿವಿ ನಮ್ಮ ಕಡೆನ. ಅಣ್ಣ ಬರಲಿಲ್ಲ ಅಂದ್ರ ತವರಿನ ಮಾನ ಹೋತು. ಅದಕ್ಕ ಎಮ್ಮಿ ಮ್ಯಾಲ ಹಾಕೂದು. ಅತ್ತಿ ಏನು ತಿಳಕೋತಾಳ? ಸೊಸಿ ತವರಾಗ ಎಮ್ಮಿ ಬಾಳ ಅದಾವು, ಮೈ ತಿಕ್ಕಿ ಸಾಕ್ಯಾರ, ಸ್ಥಿತಿವಂತರು ಅಂತ. ಎದುರಿಗಿ ಕುಂತು ಕಲ್ಲಿನ ಗೂಟ ಹಿಡದ ಗೆಳತಿಗಿ ಖರೇದು ತಿಳೀತೈತಿ. ಆಕೀನೂ ಸೊಸೀನ ಅಲ್ಲೇನ?"

ಎರಡನೆಯ ಸಾಲನ್ನು ಎರಡು ಸಲ ಏಕೆ ಹಾಡುತ್ತಾರೆ ಎಂದೂ ಹೇಳಿದರು. ಅಷ್ಟರಲ್ಲಿ ಒಂದು ಮುಷ್ಟಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಬೇಕು. ಕೈ ಜೋಳಕ್ಕೆ ಹೋದಾಗ ಬಾಯಿಗೆ ಹೊಸ ಮಾತು ಹೊಳೆಯುವುದಿಲ್ಲ, ಅದಕ್ಕೆ ಹಳೆಯದನ್ನೇ ತಿರುಗಿಸುವುದು. ಮೂರನೆಯ ಸಾಲು ಹೊಳೆಯುವುದು ಆ ಪುರುಸೊತ್ತಿನಲ್ಲಿ. ಹಾಗೆಯೇ ಇನ್ನೊಂದು ಪದವನ್ನೂ ಹೇಳಿಕೊಟ್ಟರು.

ಬೀಸೂವ ಕಲ್ಲೀಗಿ ಮನಸೀನ ಮಾತ್ಹಾಕಿ
ನುಣ್ಣಾಗಿ ಬಂತ ಬೆಳಗಾಗಿ, ಗೆಳತೆವ್ವ,
ಹಿಟ್ಟೀನ ಗುರ್ತ ಸಿಗಲಿಲ್ಲ

"ಜೋಳ ನೋಡಿದ್ರ ಯಾರ ಹೊಲದ್ದು ಅಂತ ಹೇಳಬಹುದು. ಹಿಟ್ಟು ನೋಡಿ ಹೇಳಾಕ ಬರೂದಿಲ್ಲ. ಹಾಡೂ ಹಂಗ."

ಹುಡುಗಿ ಹುಚ್ಚಿಯಂತೆ ಬರೆದುಕೊಂಡಳು. ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ. ಆದರೆ ಅವಳು ಓದುವ ಹುಡುಗಿ.

"ಆಯಿ, ಮ್ಯಾಪ್‌ನ್ಯಾಗ ನೋಡೀನಿ. ನಿಮ್ಮ ಮನೀಗೂ ನಿನ್ನ ತವರಿಗೂ ಒಂದೂವರೆ ಕಿಲೋಮೀಟರ್ ಐತಿ. ಎಮ್ಮಿ ಬೆನ್ನು ಕಾಣಸ್ತಿತ್ತಾ? ಟೀಚರ್ ಕೇಳ್ತಾರ. ಕಲ್ಪನಾ ಅಂತ ಬರೀಲಾ?"

ಅತ್ತೆಗೆ ಕಲ್ಪನೆ ಎಂಬ ಮಾತಿನ ಅರ್ಥ ಗೊತ್ತು. ಅದನ್ನು ಅವರು ಸುಳ್ಳು ಎಂದೇ ಕೇಳಿಸಿಕೊಂಡರು.

"ನಾ ಸುಳ್ಳು ಹಾಡೀನೇನ? ನಮ್ಮ ತವರು ದಿನ್ನಿ ಮ್ಯಾಲ ಐತಿ. ಆಗ ಇಲ್ಲಿ ಕಬ್ಬಿರಲಿಲ್ಲ, ಮೊಣಕಾಲುದ್ದ ಜ್ವಾಳ. ಜೋಕಾಲಿ ಅರ್ಧ ಏರಿದ್ರ ಸಾಕು, ಎಲ್ಲಾ ಕಾಣತಿತ್ತು. ಮುಗಿಲಿಗಿ ಕಾಲಿಡೂದೂ ಖರೇನ. ಮ್ಯಾಲ ಹೋದಾಗ ಮೈ ಹಿಂದ ಬಾಗ್ತೈತಿ, ಕಾಲು ಮುಂದ ಬರ್ತಾವ, ಅಂಗಾಲ ಕೆಳಗ ಬರೇ ಮುಗಿಲು. ಇರು, ತೋರಸ್ತೀನಿ."

"ಅತ್ತಿ, ಬ್ಯಾಡ್ರಿ," ಎಂದೆ. ನನ್ನ ಪ್ರತಿಭಟನೆ ಅಷ್ಟೇ. ಅದನ್ನು ಈಗಲೂ ದಿನಕ್ಕೆ ಮೂರು ಸಲ ನೆನೆಯುತ್ತೇನೆ. ಇನ್ನೂ ಜೋರಾಗಿ ಹೇಳಬಹುದಿತ್ತು. ಬಾಗಿಲಿಗೆ ಅಡ್ಡ ಮಲಗಬಹುದಿತ್ತು.

ನನ್ನ ಮನೆಯವರು ನೈಲಾನ್ ಹಗ್ಗ ತಂದರು. ಅತ್ತೆ ಅದನ್ನು ಮುಟ್ಟಿ ನೋಡಿ, "ಇದು ಕೈ ಕೊಯ್ತೈತಿ. ಅಟ್ಟದ ಮ್ಯಾಲ ಪುಂಡಿ ನಾರಿನ ಹಗ್ಗ ಐತಿ, ಅದನ್ನ ತಗೀರಿ. ನಿಮ್ಮಪ್ಪ ಹೊಸೆದದ್ದು," ಎಂದರು. ಮಾವ ಹೊಸೆದ ಹಗ್ಗ ಎಂದ ಮೇಲೆ ಮಗ ಎದುರಾಡುವುದುಂಟೆ? ತೆಗೆದರು. ಎರಡು ಬೆರಳು ಸೇರಿಸಿದಷ್ಟು ದಪ್ಪ. ಹನ್ನೆರಡು ವರ್ಷದಿಂದ ಅದು ಯೂರಿಯಾ ಗೊಬ್ಬರದ ಚೀಲಗಳ ಸಂದಿಯಲ್ಲಿ ಬಿದ್ದಿತ್ತು. ಆ ಗೊಬ್ಬರ ಗಾಳಿಯ ತೇವ ಹೀರಿ ಕರಗುತ್ತದೆ, ಪಕ್ಕದಲ್ಲಿದ್ದ ನಾರನ್ನು ಸದಾ ಒದ್ದೆಯಾಗಿಟ್ಟು ಒಳಗಿಂದೊಳಗೇ ಕೊಳೆಸುತ್ತದೆ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಹಗ್ಗ ಇಳಿಸುವಾಗ ಮೂಗಿಗೆ ಗೊಬ್ಬರದ ವಾಸನೆ ಬಡಿಯಿತು. ವಾಸನೆ ಕಟುವಾಗಿದೆ ಎಂದುಕೊಂಡು ಸೆರಗು ಅಡ್ಡ ಹಿಡಿದೆ. ಅಷ್ಟೇ ಹೊಳೆದದ್ದು.

ಮನೆಯವರು ಕೊಂಬೆಗೆ ಹಗ್ಗ ಕಟ್ಟಿ, ತಾವೇ ಜೋತುಬಿದ್ದು ನೋಡಿದರು. ಅವರದು ಎಂಬತ್ತೆರಡು ಕೆಜಿ. ಹಗ್ಗ ಜಗ್ಗಲಿಲ್ಲ. ಎಲ್ಲರಿಗೂ ಧೈರ್ಯ ಬಂತು. ಕೊಂಬೆಗೂ ಹಗ್ಗಕ್ಕೂ ನಡುವೆ ಗೋಣಿಚೀಲ ಸುತ್ತಬೇಕು, ಇಲ್ಲದಿದ್ದರೆ ತೊಗಟೆಗೆ ಉಜ್ಜಿ ಹಗ್ಗ ಸವೆಯುತ್ತದೆ. ಅದು ಮಾತ್ರ ಆ ಧೈರ್ಯದಲ್ಲಿ ಮರೆತುಹೋಯಿತು. ಅಡುಗೆಮನೆಯಿಂದ ಕೂರುವ ಮಣೆ ತಂದು ಹಗ್ಗದ ನಡುವೆ ಇಟ್ಟರು.

ಅಷ್ಟರಲ್ಲಿ ಎದುರು ತೋಟದ ಅಜ್ಜಿ ಬಂದರು. ಇವರಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು, ಅಂದಿನಿಂದ ಒಬ್ಬರನ್ನೊಬ್ಬರು ಕೆಣಕದೆ ಊಟ ಸೇರದವರು. ಜತೆಗೆ ಅವರ ಇಬ್ಬರು ಸೊಸೆಯರು.

"ಏನ ಬೇ, ಇನ್ನೂ ಹರೇ ಹೋಗಿಲ್ಲೇನ ನಿಂದು?"

"ನಿನಗ ಹೊಟ್ಟಿ ಕಿಚ್ಚು. ಬಾ, ದೂಡ ಬಾ."

"ದೂಡ್ತೀನಿ. ಕಟ್ಟಳಿ ಗೊತ್ತೈತಿಲ್ಲ? ಇಳಿಸ್ರಿ ಅಂದಾಕಿ ಗಂಡನ ಹೆಸರು ಒಡಪಿನ್ಯಾಗ ಹೇಳಬೇಕು. ಹೇಳೂತನಾ ಇಳಸೂದಿಲ್ಲ."

ಒಡಪು ಎಂದರೆ ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುವುದು. ಮದುವೆಯಲ್ಲಿ, ಸೀಮಂತದಲ್ಲಿ, ಪಂಚಮಿಯಲ್ಲಿ ಹೆಂಗಸರು ಹಟ ಹಿಡಿದು ಹೇಳಿಸುತ್ತಾರೆ. ನನ್ನ ಅತ್ತೆ ಮಾತ್ರ ಒಮ್ಮೆಯೂ ಹೇಳಿದವರಲ್ಲ. ಮಾವ ಬದುಕಿದ್ದಾಗ ನಾಚಿಕೆ, ಹೋದ ಮೇಲೆ ಹಠ. ಮಾವನವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ನಾನು ಮೊಬೈಲ್ ಹಿಡಿದು ನಿಂತೆ. ತೆರೆಯ ಮೇಲೆ ಹುಡುಗಿ, ಅವಳ ಭುಜದ ಹಿಂದೆ ರಾತ್ರಿ ಪಾಳಿ ಮುಗಿಸಿ ಮಲಗಿ ಈಗಷ್ಟೇ ಎದ್ದುಬಂದ ನಾದಿನಿ. "ವೈನೀ! ಅವ್ವ ಎಲ್ಲಿ ಏರಾಕತ್ತಾಳ? ಈ ವಯಸ್ಸಿಗಿ ಸೊಂಟದ ಎಲುವು ಮುರದ್ರ ಏನಾಗ್ತೈತಿ ಗೊತ್ತೈತೇನ? ನಾ ದಿನಾ ನೋಡ್ತೀನಿ ಇಲ್ಲಿ!"

"ನಿಮ್ಮವ್ವಗ ನೀವ ಹೇಳ್ರಿ," ಎಂದು ಮೊಬೈಲನ್ನು ಅತ್ತೆಯ ಕಡೆ ತಿರುಗಿಸಿದೆ. ಅತ್ತೆ ಮಗಳಿಗೆ ಕೈ ಬೀಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತರು.

ಮೊದಲು ಮೆಲ್ಲಗೆ. ಆಮೇಲೆ ಎದುರು ತೋಟದ ಸೊಸೆಯರು ಎರಡೂ ಕಡೆ ನಿಂತು ದೂಡಿದರು. ಅತ್ತೆ ಪ್ರತಿ ಸಲ ಮೇಲೆ ಹೋದಾಗ ಕತ್ತು ಚಾಚಿ ಹೊಳೆಯ ಕಡೆ ನೋಡುತ್ತಿದ್ದರು.

"ಕಂಡ್ತೇನ್ರಿ ಅತ್ತಿ?"

"ಕಬ್ಬು ಅಡ್ಡ ಬರಾಕತ್ತೈತಿ! ಇನ್ನೂ ಮ್ಯಾಲ!"

ಇದೇ ಕಬ್ಬನ್ನು ಆಳೆತ್ತರ ಬೆಳೆದಿದೆ ಎಂದು ಮನೆಯವರು ಹಿಂದಿನ ದಿನವಷ್ಟೇ ಹೊಗಳಿಕೊಂಡಿದ್ದರು. ಜೋಕಾಲಿ ಇನ್ನೂ ಏರಿತು. ಮುಗಿಲಿಗೆ ಕಾಲಿಡುವುದು ನಿಜ ಎಂದು ನಾನು ಕಣ್ಣಾರೆ ಕಂಡೆ. ಅತ್ತೆಯ ಒಡೆದ ಹಿಮ್ಮಡಿಗಳೆರಡು ಬಿಳಿ ಮೋಡದ ಮೇಲೆ ಊರಿದಂತೆ ಕಂಡವು. "ಕಂಡ್ತು!" ಎಂದು ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. "ಏನ ಕಂಡ್ತು ಆಯಿ? ಎಮ್ಮಿ ಅದಾವಾ?" ಎಂದು ಮೊಬೈಲಿನಿಂದ ಹುಡುಗಿ ಕಿರುಚಿದಳು.

ಅತ್ತೆ ಉತ್ತರ ಕೊಡಲಿಲ್ಲ. ಎರಡು ಸಲ ಹೋಗಿ ಬಂದರು. ಮೂರನೆಯ ಸಲ ಕೆಳಗೆ ಬರುವಾಗ ನನ್ನನ್ನೇ ನೋಡುತ್ತ ಹಾಡತೊಡಗಿದರು. ನಾನು ಅದುವರೆಗೆ ಕೇಳದ ಪದ.

ಎಡಗೈಯ ಬಳ್ಳೀಯ ಎಲಿಯೊಂದು ಉದುರೀತ
ಹೂವೀಗಿ ಇನ್ನ ಇಂಬಿಲ್ಲ, ಗೆಳತೆವ್ವ,
ತುದಿಯಾಗ ನಾರ ಬಿಳಿಪಾತ

"ಅಬಬಬಾ! ಎಪ್ಪತ್ತೆಂಟಕ್ಕ ಹೂವಂತ ಹೂವು! ದೂಡ್ರೇ ಹೂವಿನ್ನ!" ಎಂದರು ಎದುರು ತೋಟದ ಅಜ್ಜಿ. ಸೊಸೆಯರು ನಗುತ್ತ ಇನ್ನಷ್ಟು ಜೋರಾಗಿ ದೂಡಿದರು.

ನಾನು ಏನು ಮಾಡಿದೆ? ಇದನ್ನು ಬರೆಯಲು ಕೈ ಏಳುವುದಿಲ್ಲ. ಹೊಸ ಪದ, ಎಷ್ಟು ಚಂದ ಇದೆ, ಹುಡುಗಿಯ ಪುಸ್ತಕಕ್ಕೆ ಬೇಕಾದೀತು ಎಂದು ಮೊಬೈಲನ್ನು ಇನ್ನೂ ಎತ್ತಿ ಹಿಡಿದು, "ಇನ್ನೊಮ್ಮಿ ಹಾಡ್ರಿ ಅತ್ತಿ, ಸರಿಯಾಗಿ ಕೇಳಲಿಲ್ಲ," ಎಂದೆ.

ಅತ್ತೆ ಎರಡನೆಯ ಸಾಲನ್ನು ಮತ್ತೆ ಹಾಡಿದರು. ಹೂವೀಗಿ ಇನ್ನ ಇಂಬಿಲ್ಲ, ಗೆಳತೆವ್ವ. ದನಿ ನಡುಗುತ್ತಿತ್ತು. ಜೋಕಾಲಿಯ ಗಾಳಿಗೆ ಇರಬೇಕು ಎಂದುಕೊಂಡೆ.

"ಮಾಮೀ!" ಮೊಬೈಲಿನಲ್ಲಿ ಹುಡುಗಿಯ ದನಿ ಒಡೆದುಹೋಗಿತ್ತು. "ಮಾಮೀ, ನಿಲ್ಲಸ್ರಿ! ಅದು ಪದಾ ಅಲ್ಲ! ಬಳ್ಳಿ ಅಂದ್ರ ಹಗ್ಗ! ಎಡಗಡೆ ಹಗ್ಗ! ಎಲಿ ಉದುರಾಕತ್ತೈತಿ ಅಂದ್ರ ಹುರಿ ಹರಿಯಾಕತ್ತೈತಿ! ಹೂವು ಆಯಿ! ಮ್ಯಾಲ ನೋಡ್ರಿ, ಮ್ಯಾಲ!"

ತಲೆಯೆತ್ತಿದೆ. ಕೊಂಬೆಗೆ ಉಜ್ಜುತ್ತಿದ್ದ ಎಡ ಹಗ್ಗದ ಮೂರು ಎಳೆಗಳಲ್ಲಿ ಒಂದು ಬಿಚ್ಚಿ ಬಾಲದಂತೆ ತೂಗುತ್ತಿತ್ತು. ಒಳಗಿನ ನಾರು ಬೆಳ್ಳಗೆ ಕಾಣುತ್ತಿತ್ತು. ನಾನು ನೋಡುತ್ತಿರುವಾಗಲೇ ಎರಡನೆಯ ಎಳೆ 'ಟಪ್' ಎಂದಿತು.

ಓಡಿದೆ. ಮೊಬೈಲ್ ಎಲ್ಲಿ ಎಸೆದೆನೋ ಗೊತ್ತಿಲ್ಲ. ಜೋಕಾಲಿ ಕೆಳಗೆ ಬರುತ್ತಿದ್ದಂತೆ ಮಣೆಯ ಸಮೇತ ಅತ್ತೆಯ ಮೊಣಕಾಲುಗಳನ್ನು ತಬ್ಬಿಕೊಂಡೆ. ಅದು ನನ್ನನ್ನೂ ಎಳೆದುಕೊಂಡು ನಾಲ್ಕು ಹೆಜ್ಜೆ ಹೋಯಿತು. ಮೂರನೆಯ ಎಳೆಯ 'ಟಪ್' ಕೇಳಿತು. ನಾವಿಬ್ಬರೂ ಎಮ್ಮೆಗೆಂದು ಕಡಿದು ತಂದಿದ್ದ ಹಸಿ ಮೇವಿನ ರಾಶಿಯ ಮೇಲೆ ಬಿದ್ದೆವು, ನಾನು ಕೆಳಗೆ, ಅತ್ತೆ ನನ್ನ ಮೇಲೆ, ಮಣೆ ಇಬ್ಬರ ಮೇಲೆ.

ಗ್ವಾದಲಿಯೊಳಗಿಂದ ನಾದಿನಿಯ ದನಿ ಬಂತು. "ಅವ್ವಾ! ಯಾರರ ಮಾತಾಡ್ರಿ! ಏನಿದು ಕರ್ರಗ? ಒದ್ದಿ ಐತಿ! ರಕ್ತೇನ?"

ಮನೆಯವರು ಹೋಗಿ ನೋಡಿದರೆ ಮೊಬೈಲ್ ಹಿಂಡಿಯ ನಡುವೆ ಬಿದ್ದಿದೆ, ನಮ್ಮ ದೊಡ್ಡ ಎಮ್ಮೆ ಅದರ ಕ್ಯಾಮೆರಾಕ್ಕೆ ಮೂಗು ಒತ್ತಿ ಉಸಿರು ಬಿಡುತ್ತಿದೆ. "ರಕ್ತ ಅಲ್ಲ, ಎಮ್ಮಿ ಮೂಗು," ಎಂದರು ಅವರು. ಆ ಕಡೆ ಅಳುವೋ ನಗುವೋ ತಿಳಿಯದ ಸದ್ದು.

"ಅತ್ತಿ, ಎಲ್ಲಿ ನೋವಾತ್ರಿ? ಸೊಂಟ?" ಎಂದೆ ಕೆಳಗಿನಿಂದ.

"ಸೊಂಟಕ್ಕೇನೂ ಆಗಿಲ್ಲ. ನಿನ್ನ ಮೊಣಕೈ ನನ್ನ ಹೊಟ್ಟ್ಯಾಗ ಐತಿ, ತಗಿ."

ಎದುರು ತೋಟದ ಅಜ್ಜಿ ನೆಲಕ್ಕೆ ಕುಸಿದು ಕೂತಿದ್ದರು. ಬಿಕ್ಕುತ್ತಲೇ ಬೈದರು. "ನಿನ್ನ ಹಠಕ್ಕ ಬೆಂಕಿ ಹಚ್ಚಲಿ! ಹಗ್ಗ ಹರಿಯಾಕತ್ತೈತಿ ಅಂತ ಒದರಬೇಕಿಲ್ಲೇನ?"

"ಒದರಿದ್ರ ನೀವು ಗಾಬರಿ ಆಗಿ ಹಗ್ಗಾನ ಹಿಡದು ಜಗ್ಗತಿದ್ರಿ. ಅಲ್ಲೇ ಹರೀತಿತ್ತು," ಎಂದರು ಅತ್ತೆ, ತಲೆಯಿಂದ ಹುಲ್ಲು ತೆಗೆಯುತ್ತ. ಸ್ವಲ್ಪ ತಡೆದು, "ಮತ್ತ ಇಳಿಸ್ರಿ ಅಂದಿದ್ರ ನೀ ಹೆಸರ ಹೇಳಸ್ತಿದ್ದಿ," ಎಂದರು.

ಮೊಬೈಲನ್ನು ಒರೆಸಿ ಅತ್ತೆಯ ಕೈಗೆ ಕೊಟ್ಟೆವು. ಹುಡುಗಿಯ ಮುಖ ಕೆಂಪಗಾಗಿತ್ತು. ಮೂಗು ಒರೆಸಿಕೊಂಡು ಕೇಳಿದಳು. "ಆಯಿ, ಕಂಡ್ತು ಅಂದಿ. ಎಮ್ಮಿ ಕಂಡ್ವಾ?"

"ಇಲ್ಲ ಕೂಸ. ನಮ್ಮಣ್ಣನ ಮೊಮ್ಮಕ್ಕಳು ಎಮ್ಮಿ ಮಾರ್ಯಾರ ಕಾಣಸ್ತೈತಿ. ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊಳಿಯಾಕತ್ತಿತ್ತು. ಮನಿ ಐತಿ, ಅಂಗಳ ಐತಿ. ಸುಳ್ಳಲ್ಲ ಅಂತ ಬರಿ."

ನಿಪ್ಪಾಣಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಅತ್ತೆಗೆ ಏನೂ ಆಗಿರಲಿಲ್ಲ. ನನ್ನ ಬಲಗೈ ಮಣಿಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಅತ್ತೆ, "ಜೋಕಾಲಿ ಆಡೂ ವಯಸ್ಸೇನ್ರಿ ಈಕೀದು? ಹೇಳಿದ್ರ ಕೇಳೂದಿಲ್ಲ," ಎಂದರು. ಡಾಕ್ಟರು ನನ್ನನ್ನು ಬೈದರು.

ಕೈಗೆ ಕಟ್ಟು ಹಾಕಿಸಿಕೊಂಡು ಬಂದ ದಿನದಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ 'ಟಪ್'. ಕುಕ್ಕರಿನ ಸೀಟಿ ಕೇಳಿದರೆ ತಲೆಯೆತ್ತಿ ಮೇಲೆ ನೋಡುತ್ತಿದ್ದೆ. ಒಣಗಲು ಹಾಕಿದ ಬಟ್ಟೆಯ ಹಗ್ಗದ ಕೆಳಗೆ ಹಾಯಲು ಹೆದರಿಕೆ. ಮೇವಿನ ರಾಶಿ ಎರಡು ಮಾರು ಆಚೆ ಇದ್ದಿದ್ದರೆ? ಹುಡುಗಿ ಆ ದಿನ ಆ ಅರ್ಥ ಕೇಳಿಸಿಕೊಳ್ಳದೇ ಇದ್ದಿದ್ದರೆ? ಖುಷಿಯ ಪದ ಎಂದು ಬರೆದು ಮುಗಿಸಿಬಿಟ್ಟಿದ್ದರೆ? ಗೆಳತೆವ್ವ ಎಂದು ಅತ್ತೆ ನನ್ನ ಮುಖ ನೋಡಿ ಕರೆದಿದ್ದರು. ಎದುರಿಗೆ ಕಲ್ಲಿನ ಗೂಟ ಹಿಡಿದವಳಿಗೆ ತಿಳಿಯುತ್ತದೆ ಎಂದು ಅವರೇ ಹೇಳಿದ್ದರು. ಹಿಡಿದವಳು ನಾನು, ತಿಳಿದದ್ದು ಸಮುದ್ರದಾಚೆಯ ಹುಡುಗಿಗೆ.

ಅತ್ತೆಯನ್ನು ಕೇಳಿದರೆ, "ನನಗೇನು ಅಂಜಿಕಿ? ಗಡದ್ದಾಗಿ ನಿದ್ದಿ ಬರ್ತೈತಿ," ಎನ್ನುತ್ತಿದ್ದರು. ಆದರೆ ಬೆಳಿಗ್ಗೆ ಅವರ ಕಣ್ಣೂ ನನ್ನದರಂತೆಯೇ ಊದಿರುತ್ತಿತ್ತು. ಹರಿದ ಹಗ್ಗವನ್ನು ಒಲೆಗೆ ಹಾಕುತ್ತೇನೆ ಎಂದಾಗ ಬೇಡ ಎಂದರು. ಮಾವ ಹೊಸೆದದ್ದು. ಈಗ ಅದು ಅವರ ಟ್ರಂಕಿನಲ್ಲಿ ಇದೆ, ಗೊಬ್ಬರದಿಂದ ದೂರ.

ಶಾಲೆ ತೆರೆದ ಮೇಲೆ ಹುಡುಗಿಯ ಕರೆ ಬಂತು. ಓದಿದಳಂತೆ. ಟೀಚರು ಮೊದಲು ಎಮ್ಮೆ ಹೊಳೆಯುವುದು ಸೌಂದರ್ಯದ ವರ್ಣನೆ ಎಂದರಂತೆ. ಇವಳು, "ಇಲ್ಲ, ಅದು ಅಣ್ಣ ಬರಲಿಲ್ಲ ಅನ್ನೂ ಸುದ್ದಿ," ಎಂದು ಬೋರ್ಡಿನ ಮೇಲೆ ಎಮ್ಮೆ, ಅಣ್ಣ, ಹೊಳೆ, ದಿನ್ನೆ ಎಲ್ಲ ಬರೆದು ತೋರಿಸಿದಳಂತೆ. ಜೋಕಾಲಿಯ ಪದವನ್ನೂ ಓದಿದಾಗ ತರಗತಿಯ ಒಬ್ಬ ಹುಡುಗ, ಅಜ್ಜಿ ಸಹಾಯ ಬೇಕು ಎಂದು ಸುಮ್ಮನೆ ಕೂಗಬಾರದಿತ್ತೇ ಎಂದು ಕೇಳಿದನಂತೆ. "ನಮ್ಮ ಆಯಿ ಹಂಗ ಕೂಗೂದಿಲ್ಲ ಅಂದೆ," ಎಂದಳು. ಅತ್ತೆ ಹೆಮ್ಮೆಯಿಂದ ಎಲೆ ಅಡಿಕೆ ಹಾಕಿಕೊಂಡರು.

ಅದೇ ದಿನ ಸಂಜೆಗೆ ಮುಂಚೆ, ನಾನು ಒಂದೇ ಕೈಯಲ್ಲಿ ಕಾಳು ಆರಿಸುತ್ತ ಕೂತಿದ್ದಾಗ, ಅತ್ತೆ ನನ್ನ ಎದುರಿಗೆ ಬಂದು ಕೂತು ಮೊರದ ಇನ್ನೊಂದು ತುದಿ ಹಿಡಿದರು. ನನ್ನ ಕಡೆ ನೋಡದೆ ಗುನುಗಿದರು.

ಹೂವೊಂದು ನಡುಗೀತ ಹುಲ್ಲೀಗಿ ಬಿದ್ದೀತ
ತಬ್ಬೀದ ತೋಳ ಬಿಸಿಯಿತ್ತ, ಗೆಳತೆವ್ವ,
ಎಮ್ಮೀಯ ಮೂಗ ಸಾಕ್ಷೈತಿ

ಈ ಸಲ ಇನ್ನೊಮ್ಮೆ ಹಾಡಿ ಎನ್ನಲಿಲ್ಲ. "ನನಗೂ ಬಾಳ ಅಂಜಿಕಿ ಆಗಿತ್ರಿ ಅತ್ತಿ," ಎಂದೆ.

"ನನಗ ಆಗಿತ್ತು ಅಂತ ಯಾರು ಹೇಳಿದ್ರು ನಿನಗ?" ಎಂದು ಅವರು ಮೊರವನ್ನು ತಮ್ಮ ಕಡೆ ಎಳೆದುಕೊಂಡರು. "ಹರಳು ಹಂಗ ಬಿಟ್ಟಿ ನೋಡು. ಕಣ್ಣ ಎಲ್ಲಿಟ್ಟೀದಿ?"

ಆ ದಿನ ಸೋಮವಾರ. ಮರುದಿನ ಬೆಳಿಗ್ಗೆ ಹಾಲಿನ ಗಾಡಿಯವನು ಬಂದು ಹಾರ್ನ್ ಒತ್ತಿ ಒತ್ತಿ, ಕೊನೆಗೆ ಬಾಗಿಲು ಬಡಿದ. ಹಾಲು ಕರೆದಿರಲಿಲ್ಲ. ಎಮ್ಮೆಗಳು ಒಂದೇ ಸಮನೆ ಒದರುತ್ತಿದ್ದವು. ಅತ್ತೆ ಒಳಕೋಣೆಯಲ್ಲಿ, ನಾನು ಪಡಸಾಲೆಯಲ್ಲಿ, ಇಬ್ಬರೂ ಇನ್ನೂ ಗಡದ್ದಾದ ನಿದ್ದೆಯಲ್ಲಿದ್ದೆವು.